‘ಟಿಕ್’ ಎಂದ ಮೇಲೆ

ವರ್ಕ್‌ಶಾಪಿನಲ್ಲಿ ಗ್ರೈಂಡರ್, ಕಂಪ್ರೆಸರ್, ಸುತ್ತಿಗೆ ಎಲ್ಲ ಒಟ್ಟಿಗೆ ಅರಚುತ್ತಿದ್ದರೂ ಬೋಲ್ಟ್ ಕೂರಲು ತೂತಿನೊಳಗೆ ಥ್ರೆಡ್ ಕೊರೆಯುವ ಟ್ಯಾಪ್ ಮುರಿಯುವ ಆ ಸಣ್ಣ ‘ಟಿಕ್’ ಮಾತ್ರ ಎಲ್ಲರ ಕಿವಿಗೂ ಬೀಳುತ್ತದೆ. ಬಿದ್ದ ಕೂಡಲೇ ಎಲ್ಲರೂ ತಮ್ಮ ಕೆಲಸ ಬಿಟ್ಟು ಅತ್ತ ನಡೆಯುತ್ತಾರೆ. ಸಹಾಯಕ್ಕೆ ಬರುತ್ತಾರೆಂದು ಯಾರೂ ಭಾವಿಸಬೇಕಾಗಿಲ್ಲ. ಸಲಹೆ ಕೊಡಲು ಬರುತ್ತಾರೆ.

ಅವತ್ತು ಮುರಿದದ್ದು ಎಂ6, ಎಂದರೆ 6 ಮಿ.ಮೀ. ಬೋಲ್ಟಿನ ಟ್ಯಾಪ್. ಗ್ರೈಂಡ್ ಮಾಡಿ ಕನ್ನಡಿಯಂತಾಗಿದ್ದ ದಪ್ಪ ಸ್ಟೀಲ್ ಪ್ಲೇಟು, ಆರಪಾರ ಹೋಗದ ಕುರುಡು ತೂತು, ಅದರೊಳಗೆ ಮೇಲ್ಮೈಯಿಂದ 2 ಮಿ.ಮೀ. ಕೆಳಗೆ ಹುದುಗಿ ಕೂತ ತುಂಡು. ಟ್ಯಾಪ್ ಹ್ಯಾಂಡಲ್ ಹಿಡಿದಿದ್ದ ಹುಡುಗ, ‘ತಾನಾಗೇ ಮುರೀತು ಸಾರ್’ ಎಂದ. ಮುರಿದದ್ದು ಕೊನೆಯ ತೂತಿನಲ್ಲಿ. ಇದನ್ನು ಹಣೆಬರಹ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಷ್ಟು ತೂತಿಗೆ ಥ್ರೆಡ್ ಹಾಕಿದ ಮೇಲೆ ಟ್ಯಾಪಿನ ಹರಿತ ಹೋಗಿರುತ್ತದೆ, ಮಾಡುವವನ ಭಯವೂ ಹೋಗಿರುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂಬ ಪದ್ಧತಿ ಕೊನೆಯ ತೂತಿಗೆ ಬರುವಾಗ ‘ಮುಂದೆ, ಮುಂದೆ’ ಎಂದಷ್ಟೇ ಆಗಿರುತ್ತದೆ. ಕತ್ತರಿಸಿದ ಚೂರುಗಳು ಕುರುಡು ತೂತಿನಲ್ಲಿ ಹೊರಗೆ ಹೋಗಲು ದಾರಿಯಿಲ್ಲದೆ ಟ್ಯಾಪಿನ ಉದ್ದಕ್ಕಿರುವ ತೋಡುಗಳಲ್ಲಿ ಗಟ್ಟಿಯಾಗಿ ತುಂಬಿಕೊಳ್ಳುತ್ತವೆ. ಟ್ಯಾಪನ್ನು ಹಿಡಿದು ನಿಲ್ಲಿಸುವುದು ಥ್ರೆಡ್‌ಗಿಂತ ಹೆಚ್ಚಾಗಿ ಈ ಚೂರುಗಳೇ.

ಮೊದಲ ಸಲಹೆಗಾರ ಡ್ರಿಲ್ ಬಿಟ್ ತಂದೇಬಿಟ್ಟಿದ್ದ. ‘ಅದರ ಮೇಲೇ ಕೊರೆದುಬಿಡೋಣ.’ ಟ್ಯಾಪೂ ಹೈಸ್ಪೀಡ್ ಸ್ಟೀಲು, ಬಿಟ್ಟೂ ಹೈಸ್ಪೀಡ್ ಸ್ಟೀಲು. ಒಂದನ್ನೊಂದು ಕೊರೆಯುವ ಮಾತಿಲ್ಲ. ಬಂಡೆ ಸಿಕ್ಕ ನೀರು ಪಕ್ಕದ ಮಣ್ಣು ಹುಡುಕಿಕೊಳ್ಳುವಂತೆ ಡ್ರಿಲ್ ಬಿಟ್ ಜಾರಿ ಪಕ್ಕದ ಮೆತ್ತನೆಯ ಪ್ಲೇಟಿಗೆ ಇಳಿಯುತ್ತದೆ. ಕೊನೆಗೆ ಟ್ಯಾಪ್ ಹಾಗೇ ಇರುತ್ತದೆ, ತೂತು ಮಾತ್ರ ಮೊಟ್ಟೆಯಾಕಾರ ತಾಳುತ್ತದೆ. ನಾನು ಬಿಟ್ಟನ್ನು ಇಸಿದುಕೊಂಡು ಜೇಬಿಗೆ ಹಾಕಿಕೊಂಡೆ. ವಾದಿಸುವುದಕ್ಕಿಂತ ಅದು ಸುಲಭ.

ಎರಡನೆಯವರು ಹಿರಿಯರು, ಆದ್ದರಿಂದ ಅವರ ಸಲಹೆಯೂ ಹಳೆಯದು. ‘ಆಸಿಡ್ ಬಿಡಿ, ಇಲ್ಲವೇ ಪಟಿಕದ ನೀರಲ್ಲಿ ಕುದಿಸಿ, ಟ್ಯಾಪ್ ಕರಗುತ್ತೆ. ನಾನೇ ಮಾಡಿದೀನಿ.’ ಮಾಡಿದ್ದೂ ನಿಜವೇ ಇರಬೇಕು, ಆದರೆ ಅವರ ಜಾಬು, ಎಂದರೆ ಕೆಲಸಕ್ಕೆ ಬಂದ ತುಂಡು, ಅಲ್ಯೂಮಿನಿಯಂ ಆಗಿತ್ತು. ಬಿಸಿ ಪಟಿಕದ ದ್ರಾವಣ ಸ್ಟೀಲನ್ನು ಮೆಲ್ಲಗೆ ತಿನ್ನುತ್ತದೆ, ಅಲ್ಯೂಮಿನಿಯಮ್ಮನ್ನು ಹೆಚ್ಚುಕಡಿಮೆ ಬಿಟ್ಟುಬಿಡುತ್ತದೆ. ನಮ್ಮ ಪ್ಲೇಟು ಸ್ಟೀಲು. ಟ್ಯಾಪ್ ಯಾವುದು, ಪ್ಲೇಟ್ ಯಾವುದು ಎಂದು ಪಟಿಕಕ್ಕೆ ಹೇಳಿಕೊಡುವವರಾರು? ಹಾಗೆಂದು ಹಿರಿಯರಿಗೆ ಎದುರಾಡುವಂತಿಲ್ಲ. ‘ಒಳ್ಳೆ ಉಪಾಯ ಸಾರ್, ಅಲ್ಯೂಮಿನಿಯಂ ಜಾಬ್ ಬಂದಾಗ ನಿಮ್ಮನ್ನೇ ಕರೀತೀನಿ’ ಎಂದೆ.

ಮೂರನೆಯವನು ವೆಲ್ಡರ್. ಅವನ ಉಪಾಯ ನಿಜಕ್ಕೂ ಒಳ್ಳೆಯದು, ಈ ಜಾಬಿಗಲ್ಲ ಅಷ್ಟೆ. ತುಂಡು ಹೊರಗೆ ಚಾಚಿದ್ದರೆ ಅಥವಾ ಸ್ವಲ್ಪ ದೊಡ್ಡ ಸೈಜಿನದಾಗಿದ್ದರೆ ಅದರ ಮೇಲೊಂದು ನಟ್ ಇಟ್ಟು ಒಳಗಿನಿಂದ ವೆಲ್ಡ್ ತುಂಬಿ, ಆರಿದ ಮೇಲೆ ಸ್ಪ್ಯಾನರ್ ಹಾಕಿ ತಿರುಗಿಸಬಹುದು. ಬಿಸಿಯಾದಾಗ ಹಿಗ್ಗಿ, ಆರಿದಾಗ ಕುಗ್ಗಿ ಹಿಡಿತವೂ ಸಡಿಲವಾಗಿರುತ್ತದೆ. ಆದರೆ ಎಂ6 ತೂತಿನೊಳಗೆ 2 ಮಿ.ಮೀ. ಆಳದಲ್ಲಿ ವೆಲ್ಡ್ ಮಾಡಿದರೆ ಟ್ಯಾಪಿಗೆ ಅಂಟುವಷ್ಟೇ ಪ್ರೀತಿಯಿಂದ ಅದು ತೂತಿನ ಗೋಡೆಗೂ ಅಂಟುತ್ತದೆ. ಆಮೇಲೆ ಮುರಿದ ಟ್ಯಾಪ್ ಅಲ್ಲ, ಪ್ಲೇಟಿನ ಭಾಗವೇ ಆದ ಟ್ಯಾಪ್.

ಇಷ್ಟು ಹೊತ್ತಿಗೆ ಹುಡುಗ ಪಂಚ್ ಮತ್ತು ಸುತ್ತಿಗೆ ಎತ್ತಿದ್ದ. ಅದನ್ನೂ ಇಸಿದುಕೊಂಡೆ. ತೋಡಿನ ಅಂಚಿಗೆ ಪಂಚ್ ಇಟ್ಟು ಹಿಂದಕ್ಕೆ ಮೆಲ್ಲಗೆ ತಟ್ಟುವುದು ದೊಡ್ಡ ಟ್ಯಾಪಿಗೆ ಸರಿ. ಎಂ6 ಟ್ಯಾಪಿಗೆ ತಟ್ಟಿದರೆ ಅದು ಒಳಗೇ ಚೂರುಚೂರಾಗಿ, ಒಂದು ಸಮಸ್ಯೆ ಹಲವಾಗುತ್ತದೆ.

ಹಾಗಾಗಿ ಮೊದಲು ಚೊಕ್ಕಟ. ಚೂಪು ಸ್ಕ್ರೈಬರ್‌ನಿಂದ ತೋಡುಗಳಲ್ಲಿದ್ದ ಚೂರುಗಳನ್ನು ಒಂದೊಂದಾಗಿ ಕೆದಕಿ, ಕನ್ನಡಕ ಹಾಕಿಕೊಂಡು ಗಾಳಿ ಊದಿ, ಸಂಧಿಗೆ ಇಳಿಯುವ ತೆಳು ಎಣ್ಣೆ ಹನಿಸಿ ನೆನೆಯಲು ಬಿಟ್ಟೆ. ಈ ಕೆಲಸ ನೋಡುವವರಿಗೆ ಬಹಳ ಬೇಸರ, ಆದ್ದರಿಂದ ಗುಂಪು ಅರ್ಧ ಕರಗಿತು. ಅದೂ ಲಾಭವೇ. ಎಣ್ಣೆ ನೆನೆದ ಮೇಲೆ ಟ್ಯಾಪ್ ಎಕ್ಸ್‌ಟ್ರಾಕ್ಟರ್ ತಂದೆ. ಮೂರು ತೋಡಿನ ಟ್ಯಾಪಿಗೆ ಮೂರು ತೆಳುವಾದ ಉಕ್ಕಿನ ಬೆರಳುಗಳು ತೋಡಿನೊಳಗೆ ಇಳಿಯುತ್ತವೆ. ಬೆರಳುಗಳನ್ನು ಸುತ್ತಿರುವ ಕೊಳವೆಯನ್ನು ಪ್ಲೇಟಿಗೆ ತಾಗುವ ತನಕ ಕೆಳಗಿಳಿಸಲೇಬೇಕು. ಇಲ್ಲವಾದರೆ ಬೆರಳುಗಳು ಅಗಲಿಸಿಕೊಂಡು ಬಾಗುತ್ತವೆ. ಟ್ಯಾಪಿನ ಮುಖದ ಮೇಲೆ ಒಂದು ಸಣ್ಣ ಗೀರು ಎಳೆದು, ಹಿಡಿಕೆಯನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಿದೆ.

ಹಿಡಿಕೆ ತಿರುಗಿತು. ಉಳಿದಿದ್ದ ಜನ ‘ಬಂತು, ಬಂತು’ ಎಂದರು. ನಾನು ಕೈಬಿಟ್ಟೆ, ಹಿಡಿಕೆ ತಾನಾಗಿ ಹಿಂದಕ್ಕೆ ಬಂತು. ಬೆರಳು ಎತ್ತಿ ನೋಡಿದರೆ ಗೀರು ಇದ್ದಲ್ಲೇ ಇದೆ. ಎಂದರೆ ತಿರುಗಿದ್ದು ಟ್ಯಾಪಲ್ಲ, ಬೆರಳುಗಳೇ ಸ್ಪ್ರಿಂಗಿನಂತೆ ತಿರುಚಿಕೊಂಡಿದ್ದವು. ಇನ್ನಷ್ಟು ಬಲ ಹಾಕಿದರೆ ಟ್ಯಾಪಿನ ಪಕ್ಕದಲ್ಲಿ ಎಕ್ಸ್‌ಟ್ರಾಕ್ಟರಿನ ಬೆರಳೂ ಮುರಿದು ಕೂರುತ್ತದೆ. ಒಂದು ತೂತಿಗೆ ಎರಡು ಶವ ಬೇಡ. ಅಲ್ಲಿಗೆ ನಿಲ್ಲಿಸಿದೆ.

ಇನ್ನು ಉಳಿದದ್ದು ಸ್ಪಾರ್ಕ್ ಇರೋಷನ್, ಎಂದರೆ ಕರೆಂಟಿನ ಕಿಡಿಯಿಂದ ಲೋಹ ಸವೆಸುವುದು. ಪ್ಲೇಟನ್ನು ಅದನ್ನು ಮಾಡುವ ಇಡಿಎಂ ಯಂತ್ರವಿದ್ದ ಕಡೆಗೆ ಒಯ್ದೆವು. ಸೌಮ್ಯವಾದ ಯಂತ್ರ. ತೈಲದಲ್ಲಿ ಮುಳುಗಿದ ಪ್ಲೇಟಿನ ಮೇಲೆ 3 ಮಿ.ಮೀ. ತಾಮ್ರದ ಕಡ್ಡಿ ಟ್ಯಾಪಿನ ನಡುವಿಗೆ ಸರಿಯಾಗಿ ನಿಲ್ಲುತ್ತದೆ, ಆದರೆ ಮುಟ್ಟುವುದಿಲ್ಲ. ನಡುವಿನ ಕೂದಲೆಳೆಯ ಅಂತರದಲ್ಲಿ ಕಿಡಿ ಹಾರಿ ಟ್ಯಾಪ್ ಚೂರುಚೂರೇ ಸವೆಯುತ್ತದೆ. ಟ್ಯಾಪ್ ಎಷ್ಟು ಗಡಸು ಎಂಬುದು ಅದಕ್ಕೆ ಲೆಕ್ಕಕ್ಕೇ ಇಲ್ಲ, ಕರೆಂಟು ಹರಿದರೆ ಸಾಕು. ಎಂ6ಗೆ ಕೊರೆದ ತೂತು 5 ಮಿ.ಮೀ., ಕಡ್ಡಿ 3 ಮಿ.ಮೀ. ನಡುವೆ ಸರಿಯಾಗಿ ನಿಂತರೆ ಎರಡೂ ಬದಿಗೆ ಸುಮಾರು 1 ಮಿ.ಮೀ. ಉಳಿಯುತ್ತದೆ, ಕಿಡಿ ಥ್ರೆಡ್ಡನ್ನು ಮುಟ್ಟುವುದಿಲ್ಲ. ಟ್ಯಾಪಿನ ತಿರುಳು ಕರಗಿದರೆ ಸಾಕು. ಅದರ ಮೂರು ಹಲ್ಲಿನ ಸಾಲುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಿಡಿಬಿಡಿಯಾಗುತ್ತವೆ. ಕಡ್ಡಿಯೂ ಸವೆಯುವುದರಿಂದ ಯಂತ್ರ ತೋರಿಸುವ ಆಳವನ್ನೇ ನಂಬಿದರೆ ತಳದಲ್ಲಿ ತಿರುಳು ಉಳಿದುಬಿಡುತ್ತದೆ. ನಡುವೆ ಎತ್ತಿ ಕಡ್ಡಿಯ ತುದಿ ನೋಡಿಕೊಳ್ಳಬೇಕು.

ಸುಟ್ಟು ಮುಗಿದ ಮೇಲೆ ಸ್ಕ್ರೈಬರ್‌ನಿಂದ ಸಾಲುಗಳನ್ನು ಒಳಕ್ಕೆ ವಾಲಿಸಿ ಎತ್ತಿದೆ. ಮ್ಯಾಗ್ನೆಟ್ ತಂದ ಒಬ್ಬಾತನಿಗೆ ಅದು ತುಂಡಿನ ಬದಲು ಪ್ಲೇಟಿಗೇ ಗಟ್ಟಿಯಾಗಿ ಅಂಟಿಕೊಂಡದ್ದು ಆಶ್ಚರ್ಯ. ಪ್ಲೇಟೂ ಸ್ಟೀಲೇ ಎಂಬ ವಿಷಯ ಅವತ್ತು ಯಾರ ತಲೆಗೂ ಇಳಿಯುವಂತೆ ಕಾಣಲಿಲ್ಲ. ಹೊಸ ಟ್ಯಾಪಿಗೆ ಎಣ್ಣೆ ಹಚ್ಚಿ ಬೆರಳಿನಿಂದಲೇ ಇಳಿಸಿದೆ. ಹಳೆಯ ಥ್ರೆಡ್ಡನ್ನು ಹಿಡಿದು ಸಲೀಸಾಗಿ ಹೋಯಿತು. ಉಳಿದಿದ್ದ ಆಳವನ್ನು ಹುಡುಗನಿಗೇ ಬಿಟ್ಟೆ. ಥ್ರೆಡ್ಡಿನ ಅಳತೆ ನೋಡುವ ಗೇಜಿನ ‘ಗೋ’ ತುದಿ ಇಳಿಯಿತು, ‘ನೋ ಗೋ’ ತುದಿ ಬಾಯಲ್ಲೇ ನಿಂತಿತು, ಎಂದರೆ ಥ್ರೆಡ್ ಸರಿಯಿದೆ.

ಡ್ರಿಲ್ ಬಿಟ್ ಮುರಿದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಬಿಟ್ಟಿಗೆ ಥ್ರೆಡ್ಡಿನ ಹಿಡಿತವಿಲ್ಲ, ಸಿಕ್ಕಿಕೊಂಡಿರುತ್ತದೆ ಅಷ್ಟೆ. ಆರಪಾರ ತೂತಾದರೆ ಹಿಂದಿನಿಂದ ಸಣ್ಣ ಪಂಚ್ ಇಟ್ಟು ತಟ್ಟಿದರೆ ಎಷ್ಟೋ ಸಲ ಎದ್ದು ಬರುತ್ತದೆ. ಇದನ್ನು ಹುಡುಗನಿಗೆ ಹೇಳುತ್ತಿರುವಾಗಲೇ ಆ ಹಿರಿಯರು ಬಂದು ಗೇಜು ನೋಡಿ, ‘ಪಟಿಕ ಹಾಕಿದ್ರಾ? ನಾನು ಹೇಳ್ಲಿಲ್ವಾ!’ ಎಂದು ಹೊರಟೇ ಹೋದರು.