ಊಟಕ್ಕೆ ಕರೆದವರಿಗೆ ನಾಲ್ಕು ಸಾಲು

ಊಟ ಮುಗಿಸಿ ಮನೆಗೆ ಬಂದವನೇ ಮೊಬೈಲ್ ಹಿಡಿದು ಕೂತೆ. "ಅಕ್ಕಾ, ಊಟ ಅದ್ಭುತ! ಎಲ್ಲಾ ಸೂಪರ್! ಜನ್ಮದಲ್ಲೇ ಇಂಥ ಊಟ ಮಾಡಿಲ್ಲ!" ಅಂತ ಬರೆದೆ. ಇನ್ನೇನು ಕಳಿಸಬೇಕು, ಹಳೆಯದೊಂದು ನೆನಪಾಗಿ ಬೆರಳು ನಿಂತಿತು.

ಹಿಂದೊಮ್ಮೆ ಬೇರೊಬ್ಬರ ಮನೆಯಲ್ಲಿ ಉಂಡು ಬಂದು ಹೀಗೇ ಬರೆದಿದ್ದೆ. "ಯಾವುದು ಜಾಸ್ತಿ ಇಷ್ಟ ಆಯ್ತು?" ಅಂತ ಅವರು ತಿರುಗಿ ಕೇಳಿದರು. ಒಂದೂ ನೆನಪಾಗಲಿಲ್ಲ. ಕೊನೆಗೆ ತಿಂದದ್ದು ಬಾಯಲ್ಲಿತ್ತು, "ಸಿಹಿ" ಅಂದುಬಿಟ್ಟೆ. ಪಾಪ, ಬೆಳಗ್ಗಿಂದ ಒಲೆ ಮುಂದೆ ನಿಂತು ಆರು ಬಗೆ ಮಾಡಿದ್ದರು. ಸಿಹಿ ಮಾತ್ರ ಅಂಗಡಿಯದು.

ಹಾಗಾಗಿ ಬರೆದದ್ದನ್ನೆಲ್ಲ ಅಳಿಸಿ ಮಲಗಿದೆ. ಹೊಟ್ಟೆ ತುಂಬಿದಾಗ ಬರುವ ಹೊಗಳಿಕೆ ನಿದ್ದೆಗಣ್ಣಿನದು. ಬೆಳಗ್ಗೆ ಎದ್ದಾಗಲೂ ನಾಲಿಗೆ ಮೇಲೆ ಏನು ಉಳಿದಿರುತ್ತೋ ಅದನ್ನೇ ಬರೆದರಾಯಿತು, ಅಲ್ವಾ?

ಉಳಿದಿದ್ದು ಸುಟ್ಟ ಬದನೆಕಾಯಿಯ ಗೊಜ್ಜು. "ಚೆನ್ನಾಗಿತ್ತು" ಅಂದರೆ ಎಲ್ಲ ಗೊಜ್ಜಿಗೂ ಅಂದಂತೆ. ಏನು ಚೆನ್ನಾಗಿತ್ತು ಅಂತ ಯೋಚಿಸಿದೆ. ಅದರ ಹೊಗೆ ವಾಸನೆ. ಅಲ್ಲಲ್ಲಿ ಸಿಗುತ್ತಿದ್ದ ಕರಿ ಸಿಪ್ಪೆಯ ಚೂರು, ಅದರ ಒಂಚೂರು ಕಹಿ.

ಇನ್ನು ಮಾತು. "ನಿಮ್ಮ ಜೊತೆ ಮಾತಾಡಿ ಖುಷಿ ಆಯ್ತು" ಅಂತ ಬ್ಯಾಂಕಿನವರಿಗೂ ಹೇಳಬಹುದು. ಅಕ್ಕ ಹೇಳಿದ್ದರಲ್ಲಿ ನನ್ನ ಜೊತೆ ಮನೆ ತನಕ ಬಂದದ್ದು ಅವರ ಅಪ್ಪನ ಕಥೆ. ಮಿಕ್ಸಿ ಕೆಟ್ಟು, ಗುಜರಿಗೆ ಹೋಗಿ, ಅದರ ಮೇಲೆ ಇನ್ನೂ ಎರಡು ಮಿಕ್ಸಿ ಬಂದರೂ ಮೊದಲನೆಯದರ ಗ್ಯಾರಂಟಿ ಕಾರ್ಡನ್ನು ಅವರು ಜೋಪಾನ ಮಾಡಿದ್ದರಂತೆ. ನಾನು ಬಿದ್ದು ಬಿದ್ದು ನಕ್ಕಿದ್ದೆ. ಮನೆಗೆ ಬಂದು ಸುಮ್ನೆ ನನ್ನ ಡ್ರಾಯರ್ ಎಳೆದು ನೋಡಿದರೆ ಮೂರು ಕಾರ್ಡು. ಆ ಮೂರು ಸಾಮಾನಿನಲ್ಲಿ ಒಂದೂ ಈಗ ಮನೆಯಲ್ಲಿಲ್ಲ.

ಕೊನೆಗೆ ಕಳಿಸಿದ್ದು ಇಷ್ಟು:

"ಅಕ್ಕಾ, ನಿನ್ನೆ ಕರೆದಿದ್ದಕ್ಕೆ ಥ್ಯಾಂಕ್ಸ್. ಬದನೆಕಾಯಿ ಗೊಜ್ಜಿನ ಹೊಗೆ ವಾಸನೆ ಇನ್ನೂ ಬಾಯಲ್ಲಿದೆ, ಆ ಕರಿ ಚೂರುಗಳಂತೂ ತುಂಬಾ ಹಿಡಿಸಿದವು. ನಿಮ್ಮ ಅಪ್ಪನ ಕಥೆ ಕೇಳಿ ಬಂದು ಡ್ರಾಯರ್ ತೆಗೆದೆ. ನನ್ನ ಹತ್ತಿರವೂ ಮೂರಿವೆ."

ಒಂದು 'ಅದ್ಭುತ' ಇಲ್ಲ, ಒಂದು ಆಶ್ಚರ್ಯಸೂಚಕ ಚಿಹ್ನೆ ಇಲ್ಲ. ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಉತ್ತರ ಬಂತು.

"ಬದನೆಕಾಯಿ ಒಲೆ ಮೇಲಿದ್ದಾಗಲೇ ದಾರಿ ಕೇಳೋಕೆ ಮೂರು ಸಲ ಫೋನ್ ಮಾಡಿದೆಯಲ್ಲ ಮಾರಾಯ. ನಿನಗೆ ಎಡಕ್ಕೆ ತಿರುಗು ಅಂತ ಹೇಳುತ್ತಾ ಹೇಳುತ್ತಾ ಅದು ಪೂರ್ತಿ ಸೀದುಹೋಯ್ತು. ಸಿಪ್ಪೆ ಬಿಡಿಸಿ ಬಿಡಿಸಿ ಸಾಕಾಗಿ ಹಾಗೇ ಕಲಸಿಬಿಟ್ಟೆ. ಮುಂದಿನ ಸಲವೂ ದಾರಿ ಮರೆತು ಬಾ."