ಸ್ಪಷ್ಟನೆ: ಡಾಕ್ಟರ್ ಬಾರ್ಬಿ ಮತ್ತು ಐದು ನಿಮಿಷದ ಆಟ

ಹರಿದಾಡುತ್ತಿರುವ ಮಾತು: “ಹೆಣ್ಣುಮಗುವಿಗೆ ಡಾಕ್ಟರ್ ವೇಷದ ಬಾರ್ಬಿ ಕೊಡಿಸಿ; ಮಗುವಿನ ಗುರಿ ದೊಡ್ಡದಾಗುತ್ತದೆಂದು ಅಮೆರಿಕದ ಸಂಶೋಧನೆ ಸಾಬೀತುಪಡಿಸಿದೆ.”

2014ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಅರೋರಾ ಶೆರ್ಮನ್ ಮತ್ತು ಐಲೀನ್ ಝುರ್ಬ್ರಿಗನ್ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇದನ್ನಲ್ಲ. ನಾಲ್ಕರಿಂದ ಏಳು ವರ್ಷದ 37 ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಫ್ಯಾಷನ್ ಉಡುಪಿನ ಬಾರ್ಬಿ, ಕೆಲವರಿಗೆ ಬಿಳಿ ಕೋಟಿನ ಡಾಕ್ಟರ್ ಬಾರ್ಬಿ, ಉಳಿದವರಿಗೆ ಕಣ್ಣು, ಮೂಗುಗಳನ್ನು ಜೋಡಿಸುವ ಆಲೂಗೆಡ್ಡೆಯಾಕಾರದ ಗೊಂಬೆ ಕೊಟ್ಟು ಐದು ನಿಮಿಷ ಆಡಲು ಬಿಟ್ಟರು. ಆಮೇಲೆ ಹತ್ತು ಉದ್ಯೋಗಗಳ ಚಿತ್ರ ತೋರಿಸಿ, ದೊಡ್ಡವಳಾದ ಮೇಲೆ ಈ ಕೆಲಸ ನಿನ್ನಿಂದಾಗುತ್ತದೆಯೇ, ಹುಡುಗರಿಂದಾಗುತ್ತದೆಯೇ ಎಂದು ಬೇರೆ ಬೇರೆಯಾಗಿ ಕೇಳಿದರು. ಬಾರ್ಬಿಯೊಂದಿಗೆ ಆಡಿದವರು ಹುಡುಗರಿಗೆ ಎಣಿಸಿದಷ್ಟು ಉದ್ಯೋಗಗಳನ್ನು ತಮಗೆ ಎಣಿಸಿಕೊಳ್ಳಲಿಲ್ಲ. ಆಲೂಗೆಡ್ಡೆ ಗೊಂಬೆಯವರಲ್ಲಿ ಆ ಅಂತರ ಹೆಚ್ಚೇನೂ ಇರಲಿಲ್ಲ. ಗಮನಿಸಬೇಕಾದದ್ದೆಂದರೆ, ಫ್ಯಾಷನ್ ಬಾರ್ಬಿಗೂ ಡಾಕ್ಟರ್ ಬಾರ್ಬಿಗೂ ಫಲಿತಾಂಶದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಕೋಟು ಬದಲಾದರೂ ಒಳಗಿನ ಗೊಂಬೆ ಅದೇ ತೆಳುಸೊಂಟದ್ದು ತಾನೇ!

ಹಾಗೆಂದು “ಬಾರ್ಬಿ ಆಡಿದರೆ ಮಗುವಿನ ಭವಿಷ್ಯ ಹಾಳು” ಎಂದು ತಿರುಗಿಸಿ ಹಂಚುವುದೂ ತಪ್ಪೇ. ಒಂದೊಂದು ಗುಂಪಿನಲ್ಲಿದ್ದವರು ಹನ್ನೆರಡರ ಆಸುಪಾಸಿನ ಮಕ್ಕಳು, ಪ್ರಶ್ನೆ ಕೇಳಿದ್ದು ಆಟ ಮುಗಿದ ಕೂಡಲೇ, ಹೀಗಾಗಿ ಆ ಪ್ರಭಾವ ಮರುದಿನಕ್ಕಾದರೂ ಉಳಿಯಿತೇ ಎಂಬುದನ್ನು ಈ ಪ್ರಯೋಗದಿಂದ ತಿಳಿಯಲಾಗದು. ಮಕ್ಕಳು ಮುಂದೆ ಯಾವ ಕೆಲಸ ಹಿಡಿದರೆಂಬುದು ಇಲ್ಲಿ ಅಳೆದ ಸಂಗತಿಯೇ ಅಲ್ಲ.