"ಮೋಟರ್ ಸರಿ ಇದೆ" ಅಂತ ಬರೆದುಕೊಟ್ಟ ಆ ರಿಪೋರ್ಟು

ಒಂದು ಅಕ್ಕಿ ಗಿರಣಿಯ ಮೋಟರ್ ನೋಡೋಕೆ ಹೋಗಿದ್ದೆ. ನಾಲ್ಕು ಪೋಲ್, 50 ಹರ್ಟ್ಸ್. ರೋಟರ್ ಬಾರ್ ಬಿರುಕು ಬಿಟ್ಟಿದೆಯೇನೋ ಅನ್ನೋ ಅನುಮಾನ. ಅಲ್ಲಿನ ಎಲೆಕ್ಟ್ರಿಷಿಯನ್ ಪ್ಯಾನೆಲ್ ಮೇಲಿನ ಆಂಪಿಯರ್ ಮೀಟರ್ ತೋರಿಸಿ, "ನೋಡಿ ಸಾರ್, ಲೋಡ್ ಬಂದಾಗ ಸೂಜಿ ಉಸಿರಾಡಿದ ಹಾಗೆ ಆಡುತ್ತೆ" ಅಂದರು. ನೋಡಿದೆ. ಹೌದು, ಸೆಕೆಂಡಿಗೆ ಒಂದು ಸಲ ಸಣ್ಣಗೆ ಅಲ್ಲಾಡುತ್ತಿತ್ತು. ನಾನು ಕರೆಂಟಿಗೆ ಕ್ಲ್ಯಾಂಪ್ ಹಾಕಿ 10 ಸೆಕೆಂಡ್ ದಾಖಲಿಸಿದೆ. ಎಫ್‌ಎಫ್‌ಟಿ ಹಾಕಿ, ಯಾವ ಫ್ರೀಕ್ವೆನ್ಸಿಯಲ್ಲಿ ಕರೆಂಟು ಎಷ್ಟಿದೆ ಅಂತ ತೋರಿಸುವ ಸ್ಪೆಕ್ಟ್ರಮ್ ತೆಗೆದೆ. 50ರ ಹತ್ತಿರ ಗುಡಾರದ ಹಾಗೆ ಒಂದು ಆಕಾರ, ಎರಡೂ ಕಡೆ ನುಣುಪಾಗಿ ಇಳಿಯುವ ಇಳಿಜಾರು, ಬೇರೆ ಯಾವ ಮೊನೆಯೂ ಇಲ್ಲ. "ಮೋಟರ್ ಸರಿ ಇದೆ" ಅಂತ ಬರೆದುಕೊಟ್ಟು ಬಂದೆ.

ಮೂರು ತಿಂಗಳಿಗೆ ರೋಟರ್ ಹೊರಗೆ ತೆಗೆದಾಗ ಎಂಡ್ ರಿಂಗ್ ಹತ್ತಿರ ಬಾರ್‌ಗಳು ಒಡೆದಿದ್ದವು. ಸೂಜಿ ಹೇಳಿದ್ದನ್ನ ನನ್ನ ಎಫ್‌ಎಫ್‌ಟಿ ಹೇಳಲಿಲ್ಲ. ಫೈಲು ಇನ್ನೂ ಲ್ಯಾಪ್‌ಟಾಪಿನಲ್ಲಿತ್ತು. ತೆಗೆದು ನೋಡಿದೆ. ವಿಂಡೋ ಸೆಟ್ಟಿಂಗ್ `Uniform` ಅಂತ ಇತ್ತು, ಅಂದರೆ ದಾಖಲೆಯ ತುದಿಗಳನ್ನ ಇಳಿಸದೆ ಹಾಗೇ ಬಿಡೋದು, ವಿಂಡೋ ಹಾಕದೇ ಇದ್ದ ಹಾಗೆ. ಯಾರೋ ಹಿಂದೆ ಬೇರೆ ಕೆಲಸಕ್ಕೆ ಇಟ್ಟಿದ್ದನ್ನ ನಾನು ನೋಡಿಯೇ ಇರಲಿಲ್ಲ.

ಹುಡುಕಬೇಕಿದ್ದದ್ದು ಏನು ಅಂದರೆ, ಬಾರ್ ಒಡೆದರೆ ಮುಖ್ಯ ಕರೆಂಟಿನ ಎರಡೂ ಪಕ್ಕಕ್ಕೆ ಸಣ್ಣ ಮೊನೆಗಳು ಏಳುತ್ತವೆ. ದೂರ ಎಷ್ಟು ಅನ್ನೋದು ಸ್ಲಿಪ್ ಮೇಲೆ, ಅಂದರೆ ಸ್ಟೇಟರಿನ ತಿರುಗುವ ಕಾಂತಕ್ಷೇತ್ರಕ್ಕಿಂತ ರೋಟರ್ ಎಷ್ಟು ಹಿಂದೆ ಬೀಳುತ್ತದೆ ಅನ್ನೋದರ ಮೇಲೆ: ಸ್ಲಿಪ್ಪಿನ ಎರಡರಷ್ಟನ್ನ ಲೈನ್ ಫ್ರೀಕ್ವೆನ್ಸಿಗೆ ಗುಣಿಸಿದರೆ ಆಯಿತು. ಅವತ್ತು ಸ್ಲಿಪ್ 1 ಪರ್ಸೆಂಟ್, ಅಂದರೆ ದೂರ ಸುಮಾರು 1 ಹರ್ಟ್ಸ್. ಸೂಜಿ ಸೆಕೆಂಡಿಗೊಮ್ಮೆ ಆಡಿದ್ದೂ ಇದೇ ಕಾರಣಕ್ಕೆ. ಎತ್ತರ ಮಾತ್ರ ತೀರಾ ಕಮ್ಮಿ. ಮುಖ್ಯ ಮೊನೆಗಿಂತ 45 ಡಿಬಿ ಕೆಳಗಿದ್ದರೇ ಅನುಮಾನಪಡಬೇಕು. ಅದು ಸಾವಿರಕ್ಕೆ ಆರು ಪಾಲೂ ಇಲ್ಲ. ದೈತ್ಯನ ಪಕ್ಕದಲ್ಲಿ ನಿಂತ ಕೂಸನ್ನ ಗುರುತಿಸುವ ಕೆಲಸ ಇದು.

ಈಗ ಸೋರಿಕೆಯ ಕಥೆ. ಅವತ್ತು ಗ್ರಿಡ್ 49.93ರಲ್ಲಿತ್ತು. ನಮ್ಮ ಗ್ರಿಡ್ ಸರಿಯಾಗಿ 50ಕ್ಕೆ ನಿಂತಿರೋದು ಅಪರೂಪ. 10 ಸೆಕೆಂಡಿನಲ್ಲಿ 499.3 ಸುತ್ತು. ಆ 0.3 ಇದೆಯಲ್ಲ, ಎಲ್ಲ ತಾಪತ್ರಯ ಅಲ್ಲಿಂದಲೇ. ಎಫ್‌ಎಫ್‌ಟಿ ಮಟ್ಟಿಗೆ ಈ ತುಂಡೇ ಮತ್ತೆ ಮತ್ತೆ ಸಾಲಾಗಿ ಬರುತ್ತದೆ. ಸೀರೆಗೆ ಅಚ್ಚು ಒತ್ತುವಾಗ ಒಂದು ಅಚ್ಚಿನ ಕೊನೆ ಮುಂದಿನದರ ಮೊದಲಿಗೆ ಕೂಡದೆ ಹೋದರೆ ಬಳ್ಳಿ ಅಲ್ಲೇ ತುಂಡಾಗಿ ಕಾಣುತ್ತಲ್ಲ, ಹಾಗೆ. ಆ ತುಂಡಾದ ಜಾಗವನ್ನ ತೋರಿಸೋಕೆ ಅಕ್ಕಪಕ್ಕದ ಎಲ್ಲ ಫ್ರೀಕ್ವೆನ್ಸಿಗಳಿಗೂ ಸ್ವಲ್ಪ ಸ್ವಲ್ಪ ಶಕ್ತಿ ಹಂಚಿಹೋಗುತ್ತದೆ. ಸೋರಿಕೆ ಅಂದರೆ ಇದೇ.

ಎಷ್ಟು ಅಂತ ಲೆಕ್ಕ ಹಾಕಿದೆ. 10 ಸೆಕೆಂಡಿನ ದಾಖಲೆಗೆ ಒಂದು ಬಿನ್, ಅಂದರೆ ಸ್ಪೆಕ್ಟ್ರಮ್ಮಿನ ಒಂದು ಮನೆ, 0.1 ಹರ್ಟ್ಸ್. ನಾನು ಹುಡುಕಬೇಕಿದ್ದ ಮೊನೆ ಹತ್ತು ಬಿನ್ ಆಚೆ, 48.93ರಲ್ಲಿ. ವಿಂಡೋ ಹಾಕದೇ ಇದ್ದರೆ ಅಲ್ಲಿಗೆ ಬಂದು ಬೀಳುವ ಸೋರಿಕೆ ಸುಮಾರು ಮೈನಸ್ 32 ಡಿಬಿ. ಮೊನೆ ಇರೋದು ಮೈನಸ್ 45ರಲ್ಲಿ. ಹದಿಮೂರು ಡಿಬಿ ಕೆಳಗೆ ಹೂತುಹೋಗಿದೆ, ಕಾಣೋದು ಎಲ್ಲಿಂದ! ಜಾಸ್ತಿ ಹೊತ್ತು ದಾಖಲಿಸಿದರೆ ಆಗಲ್ವಾ ಅಂತ ಕೇಳಬಹುದು. ಸೋರಿಕೆಯನ್ನ ಮೈನಸ್ 55ಕ್ಕೆ ಇಳಿಸಬೇಕಾದರೆ ಎರಡೂವರೆ ಮೂರು ನಿಮಿಷ ಬೇಕು. ಅಷ್ಟು ಹೊತ್ತು ಗಿರಣಿಯ ಲೋಡೂ ಒಂದೇ ಸಮ ಇರಲ್ಲ, ಗ್ರಿಡ್ಡೂ ಇರಲ್ಲ.

ಅದೇ ಫೈಲಿಗೆ ಹಾನ್ ವಿಂಡೋ ಹಾಕಿದೆ. ತುಂಡಿನ ಎರಡೂ ತುದಿಯನ್ನ ನಿಧಾನವಾಗಿ ಸೊನ್ನೆಗೆ ಇಳಿಸೋದು, ಅಷ್ಟೇ ಅದರ ಕೆಲಸ. ಕೂಡುವ ಜಾಗದಲ್ಲಿ ನೆಗೆತವೇ ಉಳಿಯಲ್ಲ. ಹತ್ತು ಬಿನ್ ಆಚೆ ಸೋರಿಕೆ ಮೈನಸ್ 72ಕ್ಕೆ ಬಂತು. 48.93ರಲ್ಲೂ 50.93ರಲ್ಲೂ ಎರಡು ಮೊನೆ ಚೊಕ್ಕವಾಗಿ ಎದ್ದು ನಿಂತವು. ನೋಡಿ ಹೊಟ್ಟೆ ಉರಿಯಿತು.

ಇದು ಪುಕ್ಕಟೆ ಅಲ್ಲ. ತುದಿಗಳನ್ನ ಅದುಮಿದರೆ ಅಲ್ಲಿನ ಮಾಹಿತಿಯ ತೂಕ ಕಮ್ಮಿಯಾಯಿತು. ಅಂದರೆ ದಾಖಲೆಯೇ ಗಿಡ್ಡವಾದ ಹಾಗೆ. ಗಿಡ್ಡ ದಾಖಲೆಯಲ್ಲಿ ಮೊನೆ ದಪ್ಪ ಆಗುತ್ತದೆ. ವಿಂಡೋ ಹಾಕದಿದ್ದಾಗ ಮೇನ್ ಲೋಬ್, ಅಂದರೆ ಮೊನೆಯ ನಡುವಿನ ಹೊಟ್ಟೆ, ಮಧ್ಯದಿಂದ ಒಂದೊಂದು ಕಡೆ ಒಂದು ಬಿನ್. ಹಾನ್‌ಗೆ ಎರಡು. ನಾಲ್ಕು ಪದದ ಬ್ಲ್ಯಾಕ್‌ಮನ್-ಹ್ಯಾರಿಸ್‌ಗೆ ನಾಲ್ಕು, ಆದರೆ ಅದರ ಸೈಡ್ ಲೋಬ್, ಅಂದರೆ ಸೋರಿಕೆಯಿಂದ ಪಕ್ಕದಲ್ಲಿ ಏಳುವ ಉಬ್ಬು, ಮೈನಸ್ 92ರ ಮೇಲೆ ಏಳಲ್ಲ. ಸೈಡ್ ಲೋಬ್ ಒತ್ತಿದಷ್ಟೂ ನಡುವಿನ ಹೊಟ್ಟೆ ಉಬ್ಬುತ್ತದೆ.

ಇಲ್ಲಿ ನನಗೊಂದು ತಕರಾರಿದೆ. ಎಲ್ಲ ಕಡೆ ಒಂದು ಪಟ್ಟಿ ಸಿಗುತ್ತದೆ: ವಿಂಡೋ ಹೆಸರು, ಪಕ್ಕದಲ್ಲಿ ಅತಿ ಎತ್ತರದ ಸೈಡ್ ಲೋಬ್. ಹಾನ್ ಮೈನಸ್ 31, ಹ್ಯಾಮಿಂಗ್ ಮೈನಸ್ 43. ಇಬ್ಬರ ಮೇನ್ ಲೋಬೂ ಒಂದೇ ಅಗಲ. ಹಾಗಾದರೆ ಹ್ಯಾಮಿಂಗೇ ಒಳ್ಳೇದು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ಅದೇ ಫೈಲಿಗೆ ಹ್ಯಾಮಿಂಗ್ ಹಾಕಿ ನೋಡಿದೆ: ಹತ್ತು ಬಿನ್ ಆಚೆ ಸೋರಿಕೆ ಮೈನಸ್ 49. ಹಾನ್‌ಗಿಂತ 23 ಡಿಬಿ ಕೆಟ್ಟದ್ದು!

ಕಾರಣ ತುದಿಯಲ್ಲಿದೆ. ಹ್ಯಾಮಿಂಗ್ ಸೊನ್ನೆಗೆ ಇಳಿಯಲ್ಲ, 0.08ಕ್ಕೆ ನಿಂತುಬಿಡುತ್ತದೆ. ಅಲ್ಲಿ ಸಣ್ಣ ಮೆಟ್ಟಿಲು ಉಳಿಯುತ್ತದೆ. ಹತ್ತಿರದ ಮೊದಲ ಸೈಡ್ ಲೋಬನ್ನ ಹೊಡೆಯೋಕೆ ಅಂತಲೇ ಹಾಗೆ ಮಾಡಿದ್ದು. ಆದರೆ ಆ ಮೆಟ್ಟಿಲಿನಿಂದಾಗಿ ದೂರದ ಸೋರಿಕೆ ನಿಧಾನವಾಗಿ ಇಳಿಯುತ್ತದೆ, ದೂರ ಎರಡರಷ್ಟಾದರೆ ಬರೀ 6 ಡಿಬಿ. ಹಾನ್ ಅಷ್ಟೇ ದೂರಕ್ಕೆ 18 ಡಿಬಿ ಇಳಿಯುತ್ತದೆ. ಮೈನಸ್ 45ರ ಮೊನೆ ಹುಡುಕುವಾಗ ಮೈನಸ್ 49ರ ಸೋರಿಕೆ ಅಂದರೆ ಮೊನೆ ಹೇಗೋ ಕಾಣಬಹುದು, ಆದರೆ ಎತ್ತರ ನಂಬೋ ಹಾಗಿಲ್ಲ. ಚೆನ್ನಾಗಿರುವ ಮೋಟರ್ ಕೂಡ ಅನುಮಾನದ ಗಡಿಗೆ ಬಂದು ನಿಲ್ಲುತ್ತದೆ. ಪಟ್ಟಿಯ ಆ ಒಂದು ಅಂಕಿ ಮೊದಲ ಎರಡು ಮೂರು ಬಿನ್‌ನ ಕಥೆ ಮಾತ್ರ. ನಮ್ಮ ಮೊನೆ ಎಷ್ಟು ಬಿನ್ ಆಚೆ ಇದೆ ಅಂತ ಮೊದಲು ಲೆಕ್ಕ ಹಾಕಿ, ಆಮೇಲೆ ವಿಂಡೋ ಆರಿಸೋದು ಸರಿ.

ಹಾನ್ ಕೂಡ ಎಲ್ಲ ಕಡೆ ಕಾಪಾಡಲ್ಲ. ಅದೇ ದಾಖಲೆಯ ಮೊದಲ 4 ಸೆಕೆಂಡ್ ಮಾತ್ರ ತಗೊಂಡರೆ ಬಿನ್ 0.25 ಹರ್ಟ್ಸ್, ಮೊನೆ ನಾಲ್ಕೇ ಬಿನ್ ದೂರ. ಅಲ್ಲಿ ಹಾನ್ ಸೋರಿಕೆ ಮೈನಸ್ 46ರ ಹತ್ತಿರ. ಮೊನೆಯೂ ಸೋರಿಕೆಯೂ ಸರಿಸಮ. ಫೇಸ್ ನೋಡಿಕೊಂಡು ಎರಡೂ ಸೇರಿ ಉಬ್ಬಬಹುದು, ಇಲ್ಲ ಒಂದನ್ನೊಂದು ತಿಂದುಹಾಕಬಹುದು.

ಕಾಣುತ್ತಿರೋದು ಮೊನೆಯೋ ಸೋರಿಕೆಯೋ ಅಂತ ಗೊತ್ತಾಗದಿದ್ದರೆ ನಾನೀಗ ದಾಖಲೆಯನ್ನ 10 ಸೆಕೆಂಡಿನಿಂದ 9ಕ್ಕೋ 8ಕ್ಕೋ ಕತ್ತರಿಸಿ ನೋಡುತ್ತೇನೆ. ನಿಜವಾದ ಮೊನೆ ಹರ್ಟ್ಸ್‌ನಲ್ಲಿ ಇದ್ದ ಜಾಗದಲ್ಲೇ ಇರುತ್ತದೆ. ಸೋರಿಕೆಯ ಏರಿಳಿತ ಜಾಗ ಬದಲಿಸುತ್ತದೆ. ಜೊತೆಗೆ ಟ್ಯಾಕೋಮೀಟರ್ ಹಿಡಿದು ಆರ್‌ಪಿಎಂ ನೋಡುತ್ತೇನೆ. 1500ರ ಬದಲು 1485 ಬಂದರೆ ಸ್ಲಿಪ್ 1 ಪರ್ಸೆಂಟ್, ಮೊನೆಗಳು 1 ಹರ್ಟ್ಸ್ ದೂರದಲ್ಲೇ ಇರಬೇಕು.

ಇನ್ನು ಖಾಲಿ ಓಡುವ ಮೋಟರ್. 1497 ಆರ್‌ಪಿಎಂ ಅಂದರೆ ಸ್ಲಿಪ್ 0.2 ಪರ್ಸೆಂಟ್, ಮೊನೆಯ ದೂರ ಬರೀ 0.2 ಹರ್ಟ್ಸ್. 10 ಸೆಕೆಂಡಿನಲ್ಲಿ ಅದು ಎರಡು ಬಿನ್. ಹಾನ್‌ನ ಹೊಟ್ಟೆಯ ಅಂಚಿಗೇ ಸಿಕ್ಕಿಕೊಳ್ಳುತ್ತದೆ, ಬ್ಲ್ಯಾಕ್‌ಮನ್-ಹ್ಯಾರಿಸ್ ಹಾಕಿದರಂತೂ ಪೂರ್ತಿ ಒಳಗೆ. 100 ಸೆಕೆಂಡ್ ದಾಖಲಿಸಿದರೆ ಇಪ್ಪತ್ತು ಬಿನ್ ಸಿಗುತ್ತದೆ, ನಿಜ. ಆದರೆ ಅಷ್ಟರಲ್ಲಿ ಗ್ರಿಡ್ 0.05 ಹರ್ಟ್ಸ್ ಅಲ್ಲಾಡಿದರೂ ಮುಖ್ಯ ಮೊನೆಯೇ ಐದು ಬಿನ್ ಅಗಲಕ್ಕೆ ಹರಡಿಕೊಳ್ಳುತ್ತದೆ. ಅದಕ್ಕೆ ಯಾವ ವಿಂಡೋ ಹಾಕಿದರೂ ಪ್ರಯೋಜನ ಇಲ್ಲ. ಮೇಲಾಗಿ ಖಾಲಿ ಓಡುವಾಗ ರೋಟರಿನಲ್ಲಿ ಕರೆಂಟು ತೀರಾ ಕಮ್ಮಿ, ಮೊನೆ ಇನ್ನೂ ಕುಗ್ಗಿರುತ್ತದೆ. ಹಾಗಾಗಿ ಈಗ ಗಿರಣಿಗೆ ಹೋದರೆ ಮೊದಲು ಭತ್ತ ಹಾಕಿಸಿ ಓಡಿಸೋಕೆ ಹೇಳುತ್ತೇನೆ. ಮೀಟರಿನ ಸೂಜಿ ಕಡೆಗೂ ಒಂದು ಕಣ್ಣು ಇಟ್ಟಿರುತ್ತೇನೆ.